ಸಹಿಗೆ ಮುನ್ನ: ಒಂದು ಸ್ಟೇಟ್‌ಮೆಂಟ್ ಆಫ್ ವರ್ಕ್ ಓದಿದ ಬಗೆ

ಪುಸ್ತಕಗಳಿಗೆ ಚಿತ್ರ ಬರೆದುಕೊಡುವುದು ನನ್ನ ವೃತ್ತಿ. ಇರುವುದು ಮೈಸೂರಿನಲ್ಲಿ, ಕೆಲಸ ಬರುವುದು ಹೆಚ್ಚಾಗಿ ಬೆಂಗಳೂರಿನಿಂದ. ಮಕ್ಕಳ ಆರೋಗ್ಯದ ಬಗ್ಗೆ 24 ಪುಟಗಳ ಒಂದು ಕನ್ನಡ ಕಿರುಪುಸ್ತಕಕ್ಕೆ ಚಿತ್ರ ಬೇಕೆಂದು ಅಲ್ಲಿನ ಒಂದು ವಿನ್ಯಾಸ ಸಂಸ್ಥೆ ಕೇಳಿತ್ತು. ಒಳಪುಟಕ್ಕೆ ಒಂದರಂತೆ 24 ಚಿತ್ರ, ಜೊತೆಗೆ ಮುಖಪುಟ, ಒಟ್ಟು ಸಂಭಾವನೆ 1,20,000 ರೂಪಾಯಿ ಎಂಬುದು ಫೋನಿನಲ್ಲೇ ತೀರ್ಮಾನವಾಗಿತ್ತು. ಆಮೇಲೆ ಮೇಲ್‌ನಲ್ಲಿ ಎರಡು ದಾಖಲೆಗಳು ಬಂದವು. ಒಂದು, ಏನು ಕೆಲಸ, ಯಾವಾಗ, ಎಷ್ಟು ಹಣಕ್ಕೆ ಎಂಬುದನ್ನು ಹೇಳುವ, ಈ ಕೆಲಸಕ್ಕೇ ಸಂಬಂಧಿಸಿದ ಸ್ಟೇಟ್‌ಮೆಂಟ್ ಆಫ್ ವರ್ಕ್. ಇನ್ನೊಂದು ಅದಕ್ಕಿಂತ ಉದ್ದವಾದ, ಎಲ್ಲ ಫ್ರೀಲಾನ್ಸರ್‌ಗಳಿಗೂ ಅವರು ಕಳುಹಿಸುವ ಸಾಮಾನ್ಯ ಒಪ್ಪಂದ. ಎರಡೂ ಇಂಗ್ಲಿಷಿನಲ್ಲಿದ್ದವು. ವಾರದೊಳಗೆ ಸಹಿ ಮಾಡಿ ಕಳುಹಿಸಿ ಎಂದು ಮೇಲ್‌ನಲ್ಲಿತ್ತು.

ನಾನು ಮೊದಲು ಹುಡುಕಿದ್ದು ಇವೆರಡರಲ್ಲಿ ಯಾವುದರ ಮಾತು ನಡೆಯುತ್ತದೆ ಎಂಬುದನ್ನು. ಸಾಮಾನ್ಯ ಒಪ್ಪಂದದ ಕೊನೆಯ ಭಾಗದಲ್ಲಿ, ಎರಡು ದಾಖಲೆಗಳ ನಡುವೆ ವ್ಯತ್ಯಾಸ ಕಂಡುಬಂದರೆ ಸಾಮಾನ್ಯ ಒಪ್ಪಂದವೇ ಅಂತಿಮ ಎಂಬ ಅರ್ಥದ ವಾಕ್ಯವಿತ್ತು. ಹಾಗಿದ್ದ ಮೇಲೆ ಸ್ಟೇಟ್‌ಮೆಂಟ್ ಆಫ್ ವರ್ಕ್‌ನಲ್ಲಿ ಎಷ್ಟೇ ಒಳ್ಳೆಯ ಷರತ್ತುಗಳನ್ನು ಬರೆಸಿಕೊಂಡರೂ, ಇನ್ನೊಂದು ದಾಖಲೆಯ ಯಾವುದೋ ಒಂದು ಸಾಲು ಅದನ್ನು ಅಳಿಸಿಹಾಕಬಹುದು. ಆದ್ದರಿಂದ ನಾನು ಕೇಳಬೇಕಾದ ಮೊದಲ ತಿದ್ದುಪಡಿ ಇಲ್ಲೇ ಸಿಕ್ಕಿತು: ಕೆಲಸದ ವ್ಯಾಪ್ತಿ, ಗಡುವು, ತಿದ್ದುಪಡಿ ಮತ್ತು ಪಾವತಿ, ಈ ನಾಲ್ಕು ವಿಷಯಗಳ ಮಟ್ಟಿಗೆ ಸ್ಟೇಟ್‌ಮೆಂಟ್ ಆಫ್ ವರ್ಕ್‌ನ ಮಾತೇ ಅಂತಿಮವಾಗಬೇಕು.

ಎರಡನೆಯ ಓದಿಗೆ ಪ್ರಿಂಟ್ ತೆಗೆದುಕೊಂಡು ಪೆನ್ಸಿಲ್ ಹಿಡಿದೆ. ವಿನ್ಯಾಸ ಸಂಸ್ಥೆಗೆ ನಾನು ಒಪ್ಪಿಸಬೇಕಾದ ವಸ್ತು ಎಂದು ಯಾವುದೇ ಸಾಲಿನಲ್ಲಿ ಏನೇ ಬಂದರೂ ಅದರ ಕೆಳಗೆ ಗೆರೆ ಎಳೆಯುತ್ತ ಹೋಗುವುದು, ಅದು ಯಾವ ಶೀರ್ಷಿಕೆಯಡಿ ಬಂದಿದೆ ಎಂಬುದನ್ನು ಲೆಕ್ಕಿಸದಿರುವುದು, ಕೊನೆಗೆ ಗೆರೆ ಬಿದ್ದವುಗಳನ್ನೆಲ್ಲ ಡೆಲಿವರಬಲ್‌ಗಳ ಅಧಿಕೃತ ಪಟ್ಟಿಯೊಂದಿಗೆ ಹೋಲಿಸುವುದು ನನ್ನ ಕ್ರಮ. ಈ ಪಟ್ಟಿಯಲ್ಲಿ 25 ಚಿತ್ರಗಳಷ್ಟೇ ಇದ್ದವು. ಆದರೆ ಮೈಲ್‌ಸ್ಟೋನ್‌ಗಳ ಕೋಷ್ಟಕದ ಕೊನೆಯ ಸಾಲಿನಲ್ಲಿ ‘ಅಂತಿಮ ಕಡತಗಳು ಮತ್ತು ಬಿಡುಗಡೆಯ ಪೋಸ್ಟರ್’ ಎಂದಿತ್ತು. ಹಕ್ಕುಸ್ವಾಮ್ಯದ ಷರತ್ತಿನಲ್ಲಿ, ಚಿತ್ರದ ಭಾಗಗಳು ಬೇರೆ ಬೇರೆ ಪದರಗಳಾಗಿ ಉಳಿದಿರುವ, ಅಂದರೆ ಲೇಯರ್‌ಗಳಿರುವ ಮೂಲ ಕಡತಗಳನ್ನೂ ಒಪ್ಪಿಸಬೇಕೆಂದಿತ್ತು. ಅಂಗೀಕಾರದ ಷರತ್ತಿನೊಳಗೆ, ಮುದ್ರಣಾಲಯದಿಂದ ಬರುವ ಕರಡು ಅಚ್ಚನ್ನು ಚಿತ್ರಕಾರರು ಪರಿಶೀಲಿಸಿ ಬಣ್ಣ ಸರಿಪಡಿಸಿಕೊಡತಕ್ಕದ್ದು ಎಂಬ ಮಾತು ಅಡಗಿತ್ತು. ಪಟ್ಟಿಯಲ್ಲಿಲ್ಲದ ಮೂರು ಕೆಲಸಗಳು, ಮೂರಕ್ಕೂ ಬೆಲೆ ಕಟ್ಟಿಲ್ಲ. ಯಾರೋ ಬೇಕೆಂದೇ ಬಚ್ಚಿಟ್ಟರು ಎಂದು ನನಗೆ ಅನ್ನಿಸಲಿಲ್ಲ. ಹಿಂದಿನ ಯಾವುದೋ ಕೆಲಸದ ದಾಖಲೆಯನ್ನೇ ತಿದ್ದಿ ಕಳುಹಿಸಿದಾಗ ಹೀಗೆ ಉಳಿದುಕೊಳ್ಳುವುದು ಸಾಮಾನ್ಯ. ಆದರೆ ಸಹಿ ಬಿದ್ದ ಮೇಲೆ ಅದು ಹೇಗೆ ಉಳಿಯಿತು ಎಂದು ಯಾರೂ ಕೇಳುವುದಿಲ್ಲ.

ಮೂಲ ಕಡತದ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಮುದ್ರಣಕ್ಕೆ ಬೇಕಾದದ್ದು ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣದಲ್ಲಿ, 300 ಡಿಪಿಐ ಸಾಂದ್ರತೆಯಲ್ಲಿ, ನಾಲ್ಕೂ ಅಂಚಿಗೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ತೆಗೆಯಲು ಹೆಚ್ಚುವರಿ ಅಂಚು, ಬಿಟ್ಟು ತಯಾರಿಸಿದ ಪಿಡಿಎಫ್. ಅದಿದ್ದರೆ ಪುಸ್ತಕ ಅಚ್ಚಾಗುತ್ತದೆ. ಲೇಯರ್‌ಗಳಿರುವ ಕಡತ ಕೈಗೆ ಸಿಕ್ಕರೆ, ನನ್ನ ಚಿತ್ರದಲ್ಲಿರುವ ಮಗುವನ್ನು ಎತ್ತಿ ಬೇರೆ ಹಿನ್ನೆಲೆಯಲ್ಲಿ ಕೂರಿಸಿ ಇನ್ನೊಂದು ಪುಸ್ತಕವನ್ನೇ ಮಾಡಿಕೊಳ್ಳಬಹುದು. ಅದು ತಪ್ಪೆಂದಲ್ಲ, ಅದಕ್ಕೆ ಬೇರೆ ಬೆಲೆಯಿದೆ. ಹೀಗಾಗಿ ಡೆಲಿವರಬಲ್‌ಗಳ ಪಟ್ಟಿಯನ್ನು ನಾನೇ ಹೊಸದಾಗಿ ಬರೆದೆ: ಎಷ್ಟು ಚಿತ್ರ, ಯಾವ ಅಳತೆ, ಯಾವ ಬಗೆಯ ಕಡತ, ಮತ್ತು ಕೊನೆಯಲ್ಲಿ ‘ಇಲ್ಲಿ ಹೆಸರಿಸದ ಯಾವುದೂ ಈ ಸಂಭಾವನೆಯಲ್ಲಿ ಸೇರಿಲ್ಲ’ ಎಂಬ ಒಂದು ಸಾಲು. ಪೋಸ್ಟರಿಗೆ ಪ್ರತ್ಯೇಕ ದರ ಸೂಚಿಸಿದೆ. ಕರಡು ಅಚ್ಚಿನ ಪರಿಶೀಲನೆಯನ್ನು ಒಂದು ಸಲಕ್ಕೆ ಒಪ್ಪಿಕೊಂಡೆ, ಏಕೆಂದರೆ ಚಿತ್ರದ ಹಸಿರು ಅಚ್ಚಿನಲ್ಲಿ ಮಂಕಾದರೆ ಹೆಸರು ಕೆಡುವುದು ನನ್ನದೇ.

ಇಷ್ಟರವರೆಗೆ ಕೆಲಸ ಸುಲಭವಾಗಿತ್ತು. ಹೆಚ್ಚು ಹೊತ್ತು ಹಿಡಿದದ್ದು ಪಾವತಿಯ ಕೋಷ್ಟಕ. ಅದರಲ್ಲಿ ಮೂರು ಕಂತುಗಳಿದ್ದವು: ಸಹಿಯಾದಾಗ ಶೇ. 10, ಪೆನ್ಸಿಲ್ ಕರಡುಗಳು ಅನುಮೋದನೆಯಾದಾಗ ಶೇ. 30, ಅಂತಿಮ ಅಂಗೀಕಾರವಾದಾಗ ಶೇ. 60, ಪ್ರತಿಯೊಂದೂ ಇನ್‌ವಾಯ್ಸ್ ತಲುಪಿದ 60 ದಿನಗಳೊಳಗೆ. ಶೇಕಡಾವಾರು ನೋಡಿ ಸುಮ್ಮನಾಗದೆ, ಹಾಳೆಯ ಮೇಲೆ ಮೂರು ಕಂತಿನ ಎದುರೂ ಒಂದೇ ಪ್ರಶ್ನೆ ಬರೆದುಕೊಂಡೆ: ಈ ಹಣ ಹೊರಡಬೇಕಾದರೆ ಕೊನೆಯದಾಗಿ ಯಾರು ಏನು ಮಾಡಬೇಕು? ಮೊದಲ ಕಂತಿಗೆ ಉತ್ತರ ಸುಲಭ, ಇಬ್ಬರೂ ಸಹಿ ಮಾಡಿದರಾಯಿತು. ಎರಡನೆಯದಕ್ಕೆ, ಸಂಸ್ಥೆಯವರು ‘ಸರಿ’ ಎನ್ನಬೇಕು. ಮೂರನೆಯದರ ಉತ್ತರಕ್ಕೆ ‘ಅಂತಿಮ ಅಂಗೀಕಾರ’ ಎಂದರೇನು ಎಂದು ಸಾಮಾನ್ಯ ಒಪ್ಪಂದದ ವ್ಯಾಖ್ಯೆಗಳ ಭಾಗಕ್ಕೆ ಹೋಗಿ ನೋಡಬೇಕಾಯಿತು. ಅಲ್ಲಿದ್ದದ್ದು, ವಿನ್ಯಾಸ ಸಂಸ್ಥೆಗೆ ಈ ಕೆಲಸ ಕೊಟ್ಟಿರುವ ಮೂಲ ಗ್ರಾಹಕರು ಲಿಖಿತವಾಗಿ ಒಪ್ಪಿಕೊಳ್ಳುವುದು ಎಂದು. ಅಂದರೆ ನಾನು ಎಂದೂ ಮಾತನಾಡದ, ನನ್ನೊಂದಿಗೆ ಯಾವ ಒಪ್ಪಂದವೂ ಇಲ್ಲದ ಮೂರನೆಯವರೊಬ್ಬರು ಮೇಲ್ ಬರೆಯುವವರೆಗೆ 72,000 ರೂಪಾಯಿ ಕದಲುವುದಿಲ್ಲ, ಮತ್ತು ಅವರು ಇಂತಿಷ್ಟು ದಿನಗಳಲ್ಲಿ ಬರೆಯಬೇಕು ಎಂದು ಎಲ್ಲೂ ಇಲ್ಲ.

ಇದನ್ನು ಲೆಕ್ಕವಾಗಿ ಬರೆದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು. ನನ್ನ ಕೆಲಸದಲ್ಲಿ ಕರಡು ಒಪ್ಪಿಗೆಯಾಗಿ ಬಣ್ಣ ಮುಗಿಯುವ ಹೊತ್ತಿಗೆ ಶ್ರಮದ ಬಹುಪಾಲು ಖರ್ಚಾಗಿರುತ್ತದೆ. ಉಳಿಯುವುದು ಸಣ್ಣಪುಟ್ಟ ತಿದ್ದುಪಡಿ ಮತ್ತು ಕಡತಗಳ ತಯಾರಿ. ಆ ಹೊತ್ತಿಗೆ ಈ ಕೋಷ್ಟಕದ ಪ್ರಕಾರ ನನಗೆ ಸಲ್ಲಬೇಕಾಗಿರುವುದು 12,000 ಮತ್ತು 36,000, ಒಟ್ಟು 48,000. ಅದರಲ್ಲಿ ಶೇ. 10 ಟಿಡಿಎಸ್ ಕಡಿತವಾಗಿ ಬ್ಯಾಂಕಿಗೆ ಬರುವುದು 43,200. ಟಿಡಿಎಸ್ ಕಳೆದುಹೋದ ಹಣವೇನಲ್ಲ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಆ ತಿಂಗಳ ಮನೆ ಬಾಡಿಗೆಗೆ ಅದು ಒದಗುವುದಿಲ್ಲ. 60 ದಿನಗಳ ಅವಧಿಯಿಂದಾಗಿ ಆ 43,200 ಕೂಡ ಬಣ್ಣ ಮುಗಿಯುವ ಮೊದಲೇ ಬರುತ್ತದೆಂಬ ಖಾತ್ರಿಯಿರಲಿಲ್ಲ.

ತಿದ್ದುಪಡಿಯ ಷರತ್ತನ್ನು ಇದರ ಪಕ್ಕದಲ್ಲಿಟ್ಟು ಓದಿದಾಗಲೇ ಅದರ ನಿಜವಾದ ತೂಕ ತಿಳಿಯುವುದು. ಅಲ್ಲಿ ‘ಗ್ರಾಹಕರಿಗೆ ತೃಪ್ತಿಯಾಗುವವರೆಗೆ ಸಮಂಜಸವಾದ ತಿದ್ದುಪಡಿಗಳು’ ಎಂದಿತ್ತು. ಎಷ್ಟು ಸಲ ತಿದ್ದಬೇಕು ಎಂಬುದು ಇದರ ಒಂದು ಮುಖ ಮಾತ್ರ. ಅಂಗೀಕಾರವಾಗದೆ ಹಣವಿಲ್ಲ, ತೃಪ್ತಿಯಾಗದೆ ಅಂಗೀಕಾರವಿಲ್ಲ, ತೃಪ್ತಿಗೆ ಮಿತಿಯಿಲ್ಲ. ಹೀಗೆ ಮೂರು ಬೇರೆ ಬೇರೆ ಪುಟಗಳ ಸಾಲುಗಳು ಸೇರಿ ಕೊನೆಯ ಕಂತಿಗೆ ತಾರೀಖೇ ಇಲ್ಲದಂತೆ ಮಾಡಿದ್ದವು. ಒಂದೊಂದು ಷರತ್ತನ್ನೂ ಪ್ರತ್ಯೇಕವಾಗಿ ಓದಿದರೆ ಯಾವುದೂ ಅನ್ಯಾಯವಾಗಿ ಕಾಣುವುದಿಲ್ಲ.

ತಿದ್ದುಪಡಿಯ ಭಾಗವನ್ನು ನಾನು ಮರಳಿ ಬರೆದದ್ದು ಹೀಗೆ. ಕರಡಿನ ಹಂತದಲ್ಲಿ ಎರಡು ಸುತ್ತು, ಬಣ್ಣದ ಹಂತದಲ್ಲಿ ಒಂದು ಸುತ್ತು. ಒಂದು ಸುತ್ತು ಎಂದರೆ, ಸಂಸ್ಥೆಯ ಪರವಾಗಿ ಹೆಸರಿಸಿದ ಒಬ್ಬರೇ ವ್ಯಕ್ತಿ ಎಲ್ಲರ ಅಭಿಪ್ರಾಯಗಳನ್ನೂ ಒಟ್ಟುಗೂಡಿಸಿ ಒಂದೇ ಮೇಲ್‌ನಲ್ಲಿ ಕಳುಹಿಸುವ ಪಟ್ಟಿ. ಈ ವಿವರಣೆ ಇಲ್ಲದಿದ್ದರೆ ‘ಎರಡು ಸುತ್ತು’ ಎಂಬ ಮಾತಿಗೆ ಬೆಲೆಯಿಲ್ಲ. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಒಂದು, ಮಧ್ಯಾಹ್ನ ಫೋನಿನಲ್ಲಿ ಇನ್ನೊಂದು, ಮರುದಿನ ಅವರ ಮೇಲಧಿಕಾರಿಯಿಂದ ಮೊದಲಿನದಕ್ಕೆ ವಿರುದ್ಧವಾದ ಮತ್ತೊಂದು ಬಂದರೆ ಯಾವುದನ್ನು ಸುತ್ತೆಂದು ಎಣಿಸುವುದು?

ಇನ್ನೊಂದು ಗೆರೆಯನ್ನು ಎಳೆಯಬೇಕಿತ್ತು: ಯಾವುದು ತಪ್ಪು ಸರಿಪಡಿಸುವುದು, ಯಾವುದು ತಿದ್ದುಪಡಿ, ಯಾವುದು ಹೊಸ ಕೆಲಸ. ನಾನು ಮಗುವಿನ ಕೈಗೆ ಆರು ಬೆರಳು ಬರೆದಿದ್ದರೆ ಅದು ನನ್ನ ತಪ್ಪು. ಯಾವ ಸುತ್ತಿನ ಲೆಕ್ಕಕ್ಕೂ ಸೇರದೆ ಸರಿಪಡಿಸಿಕೊಡಬೇಕು. ತಾಯಿಯ ಸೀರೆಯ ಬಣ್ಣ ತಿಳಿಯಾಗಿರಲಿ ಎಂದರೆ ಅದು ತಿದ್ದುಪಡಿ. ಕಷ್ಟವಿರುವುದು ಮೂರನೆಯದರಲ್ಲಿ. ಈ ಪುಸ್ತಕದಲ್ಲಿ ಊಟದ ಪುಟವೊಂದಿತ್ತು, ಪಠ್ಯದಲ್ಲಿ ‘ಮನೆಯವರೆಲ್ಲ ಸೇರಿ ಊಟ ಮಾಡುತ್ತಿದ್ದಾರೆ’ ಎಂದಷ್ಟೇ ಇತ್ತು. ಮೈಸೂರಿನ ನನ್ನ ಕೈ ತಟ್ಟೆಯಲ್ಲಿ ತಾನಾಗಿ ರಾಗಿಮುದ್ದೆ ಬರೆಯುತ್ತದೆ. ಪುಸ್ತಕ ಕಲಬುರಗಿಯ ಅಂಗನವಾಡಿಗಳಿಗೆ ಹೋಗುವುದಾದರೆ ಅಲ್ಲಿ ಜೋಳದ ರೊಟ್ಟಿ ಇರಬೇಕು, ಹಿರಿಯ ಹೆಂಗಸು ಇಳಕಲ್ ಸೀರೆ ಉಟ್ಟಿರಬೇಕು, ಗೋಡೆ, ಹೊಸ್ತಿಲು, ನೀರಿನ ಪಾತ್ರೆ ಎಲ್ಲವೂ ಬೇರೆ. ಬಣ್ಣ ಹಚ್ಚಿದ ಮೇಲೆ ಇದನ್ನು ಹೇಳಿದರೆ ಸಂಸ್ಥೆಯವರ ದೃಷ್ಟಿಯಲ್ಲಿ ಅದು ಸಣ್ಣ ತಿದ್ದುಪಡಿ, ನನ್ನ ದೃಷ್ಟಿಯಲ್ಲಿ ಪುಟವನ್ನೇ ಮತ್ತೆ ಬರೆಯುವುದು. ಇಬ್ಬರ ಮಾತಿಗೂ ಆಧಾರವಾಗಬಲ್ಲದ್ದು ದಾಖಲೆಯಲ್ಲಿ ಏನೂ ಇರಲಿಲ್ಲ. ಆದ್ದರಿಂದ ಓದುಗರು ಯಾವ ಜಿಲ್ಲೆಯವರು, ಕುಟುಂಬದಲ್ಲಿ ಯಾರು ಯಾರು, ಉಡುಗೆ, ಊಟ, ಮನೆ ಹೇಗಿರಬೇಕು ಎಂಬ ಒಂದು ಪುಟದ ವಿವರವನ್ನು ಅನುಬಂಧವಾಗಿ ಸೇರಿಸಲು ಕೇಳಿದೆ. ಆ ಅನುಬಂಧದಲ್ಲಿರುವುದಕ್ಕೆ ಚಿತ್ರ ಹೊಂದದಿದ್ದರೆ ಅದು ನನ್ನ ಹೊಣೆ. ಅನುಬಂಧವೇ ಬದಲಾದರೆ, ಅಥವಾ ಒಪ್ಪಿಗೆಯಾದ ಕರಡನ್ನು ಬಣ್ಣದ ಹಂತದಲ್ಲಿ ಬದಲಿಸಬೇಕೆಂದರೆ ಅದು ಹೊಸ ಕೆಲಸ. ಒಂದು ಚಿತ್ರಕ್ಕೆ ಸರಾಸರಿ 4,800 ರೂಪಾಯಿ ಬೀಳುತ್ತಿದ್ದುದರಿಂದ, ಅಂಥ ಪುಟಕ್ಕೆ ಅದರ ಅರ್ಧ, 2,400 ಎಂದು ನಮೂದಿಸಿದೆ.

ಗಡುವುಗಳ ಕೋಷ್ಟಕದಲ್ಲಿ ಕ್ಯಾಲೆಂಡರ್ ತಾರೀಖುಗಳಿದ್ದವು: ಇಂಥ ದಿನ ಕರಡು, ಇಂಥ ದಿನ ಬಣ್ಣ. ನಾನು ಒಪ್ಪಿಸಬೇಕಾದ ದಿನಗಳೆಲ್ಲ ಇದ್ದವು, ಅವರು ನನಗೆ ಕೊಡಬೇಕಾದ ಅಂತಿಮ ಪಠ್ಯದ ದಿನ ಇರಲಿಲ್ಲ. ತಡವಾದರೆ ವಾರಕ್ಕೆ ಶೇ. 1 ಕಡಿತ ಎಂಬ ಮಾತು ಬೇರೆ. ಕನ್ನಡ ಪುಸ್ತಕದ ಚಿತ್ರಕಾರರಿಗೆ ಪಠ್ಯದ ತಾರೀಖು ಎಷ್ಟು ಮುಖ್ಯ ಎಂಬುದು ಮಾತಿನ ಗುಳ್ಳೆಗಳನ್ನು ಬರೆದವರಿಗೆ ಗೊತ್ತು. ಈ ಪುಸ್ತಕದಲ್ಲಿ ಮಕ್ಕಳ ಮಾತುಗಳು ಚಿತ್ರದೊಳಗೇ ಬರಬೇಕಿತ್ತು. ಪಠ್ಯ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿ ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಮತ್ತೆ ಕರಡು ತಿದ್ದಬೇಕು. ಅದಾದ ಮೇಲೆ ಸಾಲು ಉದ್ದವಾದರೆ ಗುಳ್ಳೆ ದೊಡ್ಡದಾಗುತ್ತದೆ, ಗುಳ್ಳೆ ದೊಡ್ಡದಾದರೆ ಅಜ್ಜಿಯ ತಲೆ ಮುಚ್ಚಿಹೋಗುತ್ತದೆ. ಹೀಗಾಗಿ ನಾನು ತಾರೀಖುಗಳನ್ನು ತೆಗೆದು, ‘ಕರಡು ತಿದ್ದಿ ಅಂತಿಮಗೊಳಿಸಿದ ಯೂನಿಕೋಡ್ ಪಠ್ಯ ಮತ್ತು ಅನುಬಂಧ ಕೈಸೇರಿದ ದಿನದಿಂದ 15 ಕೆಲಸದ ದಿನಗಳಲ್ಲಿ ಕರಡು ಚಿತ್ರಗಳು, ಕರಡುಗಳು ಅನುಮೋದನೆಯಾದ ದಿನದಿಂದ 20 ಕೆಲಸದ ದಿನಗಳಲ್ಲಿ ಬಣ್ಣ’ ಎಂದು ಬರೆದೆ. ಸಂಸ್ಥೆಯವರು ತಮ್ಮ ಅಭಿಪ್ರಾಯ ತಿಳಿಸಲು 5 ಕೆಲಸದ ದಿನ. ಅವರು ತೆಗೆದುಕೊಳ್ಳುವ ಹೆಚ್ಚುವರಿ ದಿನಗಳು ನನ್ನ ಗಡುವಿಗೂ ಕೂಡುತ್ತವೆ.

ಇಷ್ಟಾದ ಮೇಲೆ ಪಾವತಿಗೆ ಮರಳಿದೆ. ನನ್ನ ಉದ್ಯಮ, ಸಣ್ಣ ಉದ್ಯಮಗಳ ನೋಂದಣಿಗೆಂದು ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ವಿಭಾಗದ ಸೂಕ್ಷ್ಮ ಉದ್ಯಮವಾಗಿ ಮೊದಲೇ ನೋಂದಣಿಯಾಗಿತ್ತು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಸಂಬಂಧಿಸಿದ 2006ರ ಎಂಎಸ್ಎಂಇಡಿ ಕಾಯ್ದೆಯ 15ನೇ ಕಲಂ ಪ್ರಕಾರ, ಅಂಥ ಉದ್ಯಮಕ್ಕೆ ಹಣ ಕೊಡುವ ಅವಧಿಯನ್ನು ಒಪ್ಪಂದದಲ್ಲಿ ಎಷ್ಟೇ ಬರೆದುಕೊಂಡರೂ ಅದು ಅಂಗೀಕಾರದ ದಿನದಿಂದ 45 ದಿನ ಮೀರುವಂತಿಲ್ಲ. ಅಂಗೀಕಾರದ ದಿನ ಯಾವುದು ಎಂಬುದನ್ನೂ ಕಾಯ್ದೆಯೇ ಹೇಳುತ್ತದೆ: ಒಪ್ಪಿಸಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ, ಒಪ್ಪಿಸಿದ ದಿನವೇ ಅಂಗೀಕಾರದ ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕಂಪನಿಗಳ ಅಕೌಂಟ್ಸ್ ವಿಭಾಗದವರು ಇದಕ್ಕಿಂತ ಹೆಚ್ಚಾಗಿ ಗಮನ ಕೊಡುವುದು ಆದಾಯ ತೆರಿಗೆಯ ನಿಯಮಕ್ಕೆ: 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಕೊಡದ ಹಣವನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಿಕೊಳ್ಳಬಹುದು. ನಾನು ಕಾನೂನಿನ ಬೆದರಿಕೆ ಹಾಕಲು ಹೋಗಲಿಲ್ಲ. 60 ದಿನ ಎಂಬುದು ಅವರಿಗೂ ತೊಡಕು ಎಂಬುದನ್ನು ನೋಂದಣಿ ಪತ್ರದ ಪ್ರತಿಯೊಂದಿಗೆ ತಿಳಿಸಿದೆ, ಅಷ್ಟೆ.

ತಿದ್ದಿದ ದಾಖಲೆಯನ್ನು ಕಳುಹಿಸಿದ ಮೇಲೆ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂ ಫೋನ್ ಮಾಡಿದರು. ಡೆಲಿವರಬಲ್, ಅನುಬಂಧ, ಸುತ್ತುಗಳ ವಿಷಯದಲ್ಲಿ ಅವರ ತಕರಾರಿರಲಿಲ್ಲ. ಅಭಿಪ್ರಾಯಗಳನ್ನು ಒಬ್ಬರೇ ಒಟ್ಟುಗೂಡಿಸುವುದು ತಮಗೂ ಒಳ್ಳೆಯದೆಂದರು. ಮುಂಗಡವನ್ನು ಶೇ. 10ರಿಂದ 30ಕ್ಕೆ ಏರಿಸಬೇಕೆಂದು ನಾನು ಕೇಳಿದ್ದಕ್ಕೆ ಸ್ವಲ್ಪ ಚೌಕಾಸಿಯಾಗಿ ಒಪ್ಪಿದರು. ಪೋಸ್ಟರನ್ನು ಕೈಬಿಟ್ಟರು. ನಿಂತದ್ದು ಕೊನೆಯ ಕಂತಿನ ಹತ್ತಿರ.

“ಸರ್, ನಮ್ಮ ಕ್ಲೈಂಟ್ ಒಪ್ಪದೆ ನಾವು ಹೇಗೆ ಫೈನಲ್ ಅನ್ನೋದು? ಆಮೇಲೆ ಅವರು ಏನಾದರೂ ಹೇಳಿದರೆ ನಾವು ಸಿಕ್ಕಿಹಾಕಿಕೊಳ್ಳುತ್ತೇವೆ” ಎಂದರು.

“ಅವರು ಒಪ್ಪಲಿ ಮೇಡಂ, ನಾನು ಬೇಡ ಅನ್ನುತ್ತಿಲ್ಲ. ಆದರೆ ಅವರು ಮೂರು ತಿಂಗಳು ಮೇಲ್ ನೋಡದೇ ಇದ್ದರೆ ನಾನು ಯಾರನ್ನು ಕೇಳಲಿ? ಅದಕ್ಕೊಂದು ತಾರೀಖು ಹಾಕೋಣ.”

ಅವರ ಆತಂಕ ಸುಳ್ಳಲ್ಲ. ನಡುವಿನವರಾಗಿ ಅವರೂ ಹಣಕ್ಕಾಗಿ ಕಾಯುವವರೇ. ಹಾಗೆಂದು ಅವರ ವ್ಯವಹಾರದ ಅಪಾಯವನ್ನು ನಾನು ಹೊರಬೇಕಾದ ಕಾರಣವೂ ಇಲ್ಲ, ಏಕೆಂದರೆ ಆ ಮೂಲ ಗ್ರಾಹಕರೊಂದಿಗೆ ಷರತ್ತು ಚರ್ಚಿಸುವ ಅವಕಾಶ ಇದ್ದದ್ದು ಅವರಿಗೆ ಮಾತ್ರ. ಕೊನೆಗೆ ಎರಡು ಬದಲಾವಣೆಗಳಿಂದ ಗಂಟು ಬಿಚ್ಚಿತು. ಮೊದಲನೆಯದು, ದೊಡ್ಡ ಮೊತ್ತವನ್ನು ಕೊನೆಗೆ ಉಳಿಸದಿರುವುದು: ಸಹಿಯಾದಾಗ 36,000, ಕರಡಿಗೆ 36,000, ಬಣ್ಣದ ಚಿತ್ರಗಳಿಗೆ 30,000, ಅಂತಿಮ ಕಡತಗಳಿಗೆ 18,000. ಎರಡನೆಯದು, ಪ್ರತಿ ಹಂತದಲ್ಲೂ ‘ಲಿಖಿತ ಅಂಗೀಕಾರ ಅಥವಾ ಆಕ್ಷೇಪಣೆಯಿಲ್ಲದೆ ಒಪ್ಪಿಸಿದ ದಿನದಿಂದ 15 ದಿನ ಕಳೆಯುವುದು, ಇವೆರಡರಲ್ಲಿ ಯಾವುದು ಮೊದಲೋ ಅದು’ ಎಂಬ ಮಾತು, ಮತ್ತು ಅಲ್ಲಿಂದ 30 ದಿನಗಳಲ್ಲಿ ಪಾವತಿ. ಹದಿನೈದು ಮತ್ತು ಮೂವತ್ತು ಕೂಡಿದರೆ 45. ಅವರ ಅಕೌಂಟ್ಸ್‌ನವರಿಗೂ ಅದೇ ಸಂಖ್ಯೆ ಬೇಕಿತ್ತು. ಮೂಲ ಗ್ರಾಹಕರ ಹೆಸರು ಪಾವತಿಯ ಭಾಗದಿಂದ ಪೂರ್ತಿಯಾಗಿ ಹೋಯಿತು. ಅವರ ಅಭಿಪ್ರಾಯಗಳು ನನಗೆ ಬರುವುದು ವಿನ್ಯಾಸ ಸಂಸ್ಥೆಯ ಪಟ್ಟಿಯ ಭಾಗವಾಗಿ ಮಾತ್ರ.

ಸಿಗದೇ ಹೋದದ್ದೂ ಇದೆ. 15 ದಿನಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಕೆಲಸ ನಿಲ್ಲಿಸುವ ಅಧಿಕಾರವನ್ನು ಅವರು ಬಿಟ್ಟುಕೊಡಲಿಲ್ಲ. ಆದರೆ ಮೂಲ ದಾಖಲೆಯಲ್ಲಿ ‘ಅಂಗೀಕೃತವಾದ ಕೆಲಸಕ್ಕೆ ಮಾತ್ರ ಪಾವತಿ’ ಎಂದಿದ್ದುದನ್ನು, ನಡೆಯುತ್ತಿರುವ ಹಂತದಲ್ಲಿ ಮುಗಿದ ಪುಟಗಳ ಎಣಿಕೆಗೆ ತಕ್ಕಂತೆ ಪಾವತಿ ಎಂದು ಬದಲಿಸಿಕೊಂಡೆ. 25ರಲ್ಲಿ 10 ಬಣ್ಣದ ಪುಟ ಒಪ್ಪಿಸಿದ್ದಾಗ ಕೆಲಸ ನಿಂತರೆ ಆ ಹಂತದ 30,000ದಲ್ಲಿ 12,000 ಬರಬೇಕು. ಹಕ್ಕುಸ್ವಾಮ್ಯ ಚಿತ್ರ ರಚನೆಯಾದ ಕ್ಷಣದಲ್ಲೇ ಅವರಿಗೆ ಸೇರುತ್ತದೆ ಎಂದಿದ್ದ ಸಾಲನ್ನು, ಕೊನೆಯ ಕಂತು ಸಂದಾಯವಾದ ಮೇಲೆ ಸೇರುತ್ತದೆ ಎಂದು ತಿದ್ದಿಸಿದೆ. ಪಾವತಿ ತಡವಾದಾಗ ನ್ಯಾಯಾಲಯಕ್ಕೆ ಹೋಗದೆಯೇ ಕೆಲಸಕ್ಕೆ ಬರುವ ಷರತ್ತು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಇದರ ಜೊತೆಗೆ, ಅನುಮೋದನೆಗೆ ಕಳುಹಿಸುವ ಚಿತ್ರಗಳು ಕಡಿಮೆ ಸಾಂದ್ರತೆಯವು, ಮುದ್ರಣದ ಪಿಡಿಎಫ್ ಹೋಗುವುದು ಮೂರನೆಯ ಕಂತು ಬಂದ ಮೇಲೆ ಎಂದೂ ಬರೆಸಿದೆ. ಲೇಯರ್‌ಗಳಿರುವ ಕಡತ ಬೇಕೆಂದರೆ ಆಗ ಮಾತನಾಡೋಣ ಎಂಬಲ್ಲಿಗೆ ಆ ವಿಷಯ ನಿಂತಿತು.

ಸಂಭಾವನೆಯ ಪಕ್ಕದಲ್ಲಿದ್ದ ‘ಎಲ್ಲ ತೆರಿಗೆಗಳೂ ಸೇರಿ’ ಎಂಬ ಮಾತನ್ನು ನಾನು ಹಾಗೇ ಬಿಟ್ಟೆ. ನನ್ನ ವಾರ್ಷಿಕ ವಹಿವಾಟು 20 ಲಕ್ಷ ಮುಟ್ಟುವುದಿಲ್ಲ, ಜಿಎಸ್‌ಟಿ ನೋಂದಣಿ ಇಲ್ಲ. ನೋಂದಣಿ ಇರುವವರು ಮಾತ್ರ ಆ ಸಾಲನ್ನು ಬಿಡಬಾರದು, ಬಿಟ್ಟರೆ ಶೇ. 18ರ ದರದ ತೆರಿಗೆ ಅವರ ಸಂಭಾವನೆಯೊಳಗಿಂದಲೇ ಹೋಗುತ್ತದೆ.

ಅಂತಿಮ ಪ್ರತಿ ಡಿಜಿಟಲ್ ಸಹಿಗಾಗಿ ಬಂದಾಗ ಅದನ್ನು ಇಬ್ಬರೂ ಒಪ್ಪಿಕೊಂಡಿದ್ದ ತಿದ್ದಿದ ದಾಖಲೆಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ. ಮುಖ್ಯ ಭಾಗವೆಲ್ಲ ಸರಿಯಿತ್ತು. ಕೊನೆಯ ಪುಟದ ಇನ್‌ವಾಯ್ಸ್ ಸೂಚನೆಗಳಲ್ಲಿ ಮಾತ್ರ ಹಳೆಯ 60 ದಿನ ಹಾಗೇ ಕುಳಿತಿತ್ತು, ಡೆಲಿವರಬಲ್‌ಗಳ ಸಾಲಿನಲ್ಲಿ ಅನುಬಂಧದ ಉಲ್ಲೇಖವಿದ್ದರೂ ಅನುಬಂಧವೇ ಲಗತ್ತಾಗಿರಲಿಲ್ಲ. ಮೇಡಂಗೆ ಮೇಲ್ ಬರೆದೆ. ಸಂಜೆಯೊಳಗೆ ಎರಡನ್ನೂ ಸರಿಪಡಿಸಿದ ಪ್ರತಿ ಬಂತು. ಸಹಿ ಮಾಡಿ, ಸ್ಟೇಟ್‌ಮೆಂಟ್ ಆಫ್ ವರ್ಕ್‌ನ ಸಂಖ್ಯೆ, ಹಂತದ ಹೆಸರು, ಉದ್ಯಮ್ ನೋಂದಣಿ ಸಂಖ್ಯೆ ಮತ್ತು ಪಾವತಿಯ ಕೊನೆಯ ದಿನ ಇವಿಷ್ಟನ್ನೂ ನಮೂದಿಸಿ 36,000 ರೂಪಾಯಿಯ ಮುಂಗಡದ ಇನ್‌ವಾಯ್ಸನ್ನು ಅದೇ ಮೇಲ್‌ಗೆ ಲಗತ್ತಿಸಿ ಕಳುಹಿಸಿದೆ. ಪಠ್ಯ ಇನ್ನೂ ಬಂದಿರಲಿಲ್ಲ, ಆದ್ದರಿಂದ ನನ್ನ 15 ದಿನಗಳೂ ಶುರುವಾಗಿರಲಿಲ್ಲ.